ಓವರ್‌ಲೋಡ್: ಬೋರ್ಡ್ ತುಂಬುವುದು ಬೇರೆ, ಲೋಡ್ ಜಾಸ್ತಿ ಆಗುವುದು ಬೇರೆ

ಡಿಸೆಂಬರಿನ ಒಂದೇ ವಾರದಲ್ಲಿ ನನ್ನ ಫೋನಿಗೆ ಎರಡು ಎಕ್ಸ್‌ಟೆನ್ಷನ್ ಬೋರ್ಡಿನ ಫೋಟೊ ಬಂದವು. ನಾನು ತುಮಕೂರಿನಲ್ಲಿ ಮನೆ ವೈರಿಂಗ್ ಕೆಲಸ ಮಾಡುವವನು. ಹಾಗಾಗಿ ನೆಂಟರು ಹಬ್ಬದ ಶುಭಾಶಯಕ್ಕಿಂತ ಸುಟ್ಟ ಪ್ಲಗ್ಗಿನ ಫೋಟೊ ಕಳಿಸುವುದೇ ಹೆಚ್ಚು.

ಮೊದಲನೆಯದು ಗುಬ್ಬಿಯಿಂದ, ನಮ್ಮ ಭಾವ ಕಳಿಸಿದ್ದು. ಟಿವಿ ಸ್ಟ್ಯಾಂಡಿನ ಹಿಂದೆ ಆರು ಸಾಕೆಟ್ಟಿನ ಬೋರ್ಡ್, ಆರೂ ಭರ್ತಿ. ವೈರುಗಳು ಶಾವಿಗೆ ಉಂಡೆ ಹಾಗೆ ಸುತ್ತಿಕೊಂಡಿವೆ. "ನೋಡಿದ್ರೇ ಭಯ ಆಗುತ್ತೆ ಕಣಯ್ಯ, ಬೇರೆ ತರ್ಲಾ?" ಅಂತ ಕೇಳಿದ್ದರು. ಎರಡನೆಯದು ಬಟವಾಡಿಯಲ್ಲಿ ಗೆಳತಿಯರ ಜೊತೆ ರೂಮ್ ಮಾಡಿಕೊಂಡಿರುವ ಅಕ್ಕನ ಮಗಳದು. ಬಿಳಿ ಬೋರ್ಡ್, ನಾಲ್ಕು ಸಾಕೆಟ್, ಅದರಲ್ಲಿ ಎರಡು ಖಾಲಿ. ನೋಡಲು ನೀಟಾಗಿತ್ತು. ಅವಳ ಪ್ರಶ್ನೆ ಬೇರೆಯೇ: "ಮಾವ, ಇದರ ಕೆಂಪು ಲೈಟ್ ಮಿಣುಕ್ತಾ ಇದೆ, ಬೋರ್ಡ್ ಹಾಳಾಯ್ತಾ?"

ಭಾವನ ಬೋರ್ಡಿಗೆ ಏನೂ ಆಗಿರಲಿಲ್ಲ. ಇವಳ ಬೋರ್ಡ್ ಓವರ್‌ಲೋಡ್ ಆಗಿತ್ತು.

ಓವರ್‌ಲೋಡ್ ಅನ್ನುವ ಮಾತನ್ನು ನಾವು ಲಾರಿಗೆ ಹೇಳಿ ಹೇಳಿ ರೂಢಿ. ಆದರೆ ಲಾರಿಯಲ್ಲೂ ಕಣ್ಣಳತೆ ಮೋಸ ಮಾಡುತ್ತದೆ, ಅಲ್ವಾ? ಕಡ್ಲೆಪುರಿ ಮೂಟೆಯನ್ನು ಆಳೆತ್ತರ ಏರಿಸಿದರೂ ಲಾರಿಗೆ ಭಾರ ಗೊತ್ತಾಗುವುದಿಲ್ಲ. ಜಲ್ಲಿಯನ್ನು ಅರ್ಧ ತುಂಬಿದರೂ ಪಟ್ಟಿ ಕೆಳಗಿಳಿಯುತ್ತದೆ. ಬೋರ್ಡಿನ ಕಥೆಯೂ ಹೀಗೇ. ಎಷ್ಟು ಪ್ಲಗ್ ಚುಚ್ಚಿದೆ ಅನ್ನುವುದು ಲೆಕ್ಕವಲ್ಲ. ಚುಚ್ಚಿದ ಸಾಮಾನೆಲ್ಲ ಸೇರಿ ಎಷ್ಟು ಆಂಪಿಯರ್ ಎಳೆಯುತ್ತವೆ, ಆ ಬೋರ್ಡು, ಅದರ ವೈರು, ಅದರ ಪ್ಲಗ್ಗು ಎಷ್ಟು ತಡೆಯುತ್ತವೆ ಅನ್ನುವುದು ಲೆಕ್ಕ. ತಡೆಯುವುದಕ್ಕಿಂತ ಜಾಸ್ತಿ ಎಳೆದರೆ ಅದು ಓವರ್‌ಲೋಡ್.

ಆಂಪಿಯರ್ ತಿಳಿಯಲು ಒಂದು ಭಾಗಾಕಾರ ಸಾಕು. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಸಾಮಾನಿನ ಮೇಲೆ ಬರೆದಿರುವ ವ್ಯಾಟ್ ಅನ್ನು 230ರಿಂದ ಭಾಗಿಸಿ. ಮಾಮೂಲಿ ಎಕ್ಸ್‌ಟೆನ್ಷನ್ ಬೋರ್ಡಿನ ಹಿಂದೆ 6A ಎಂದು ಇರುತ್ತದೆ. ಅಂದರೆ 6 ಆಂಪಿಯರ್, ಸುಮಾರು 1,380 ವ್ಯಾಟ್. ಇದು ಒಂದೊಂದು ಸಾಕೆಟ್ಟಿಗೆ ಅಲ್ಲ, ಇಡೀ ಬೋರ್ಡಿಗೆ. ನಾಲ್ಕು ಸಾಕೆಟ್ ಇದ್ದರೆ ನಾಲ್ಕು ಆರಲಿ ಇಪ್ಪತ್ನಾಲ್ಕು ಅಂತ ಲೆಕ್ಕ ಹಾಕುವವರನ್ನು ನಾನೇ ನೋಡಿದ್ದೇನೆ. ನಾಲ್ಕಕ್ಕೂ ಕರೆಂಟ್ ಬರುವುದು ಗೋಡೆಯಿಂದ ಬಂದ ಅದೇ ಒಂದು ವೈರಿನಲ್ಲಿ.

ಈಗ ಭಾವನ ಫೋಟೊ ನೋಡಿ. ಟಿವಿ 100 ವ್ಯಾಟ್, ಸೆಟ್‌ಟಾಪ್ ಬಾಕ್ಸ್ 15, ರೂಟರ್ 10, ಸ್ಪೀಕರ್ 50, ಎರಡು ಫೋನ್ ಚಾರ್ಜರ್ ಸೇರಿ 60 ಅಂತಿಟ್ಟುಕೊಳ್ಳಿ. ಒಟ್ಟು 235. ಒಂದು ಆಂಪಿಯರ್ ಆಯಿತು ಅಷ್ಟೆ. ಆರೂ ಸಾಕೆಟ್ಟಿನಲ್ಲಿ ಇದ್ದದ್ದು ಕಡ್ಲೆಪುರಿ. ವೈರಿನ ಮೇಲೆ ಕೂತಿರುವ ಧೂಳು ಒರೆಸಿ ಸಾಕು ಅಂದೆ.

ಹುಡುಗಿಯ ಫೋಟೊದಲ್ಲಿ ನನ್ನ ಕಣ್ಣು ಮೊದಲು ಹೋಗಿದ್ದು ಕೆಂಪು ಲೈಟಿಗಲ್ಲ, ಒಂದು ಕನ್ವರ್ಷನ್ ಪ್ಲಗ್ಗಿಗೆ. ದಪ್ಪ ಪಿನ್ನಿನ ಪ್ಲಗ್ಗನ್ನು ಸಣ್ಣ ಸಾಕೆಟ್ಟಿಗೆ ಕೂರಿಸಲು ನಡುವೆ ಹಾಕುವ ಚೌಕದ ಬಿರಡೆ ಅದು. 6 ಆಂಪಿಯರ್ ಪ್ಲಗ್ಗಿನ ಎರಡು ಪಿನ್ ಸುಮಾರು 5 ಮಿಲಿಮೀಟರ್ ದಪ್ಪ, 16 ಆಂಪಿಯರಿನದು ಸುಮಾರು 7. ಕಂಪನಿಯವರು ದಪ್ಪ ಪಿನ್ ಕೊಡುವುದು ಶೋಕಿಗಲ್ಲ. "ಇದನ್ನು ಸಣ್ಣ ಸಾಕೆಟ್ಟಿಗೆ ಹಾಕಬೇಡಿ" ಅನ್ನುವುದನ್ನೇ ಆ ಆಕಾರದಲ್ಲಿ ಹೇಳಿದ್ದಾರೆ. ಕನ್ವರ್ಷನ್ ಪ್ಲಗ್ ಆ ಮಾತಿನ ಬಾಯಿ ಮುಚ್ಚಿಸುತ್ತದೆ. ಫೋಟೊದಲ್ಲಿ ಅದು ಕಂಡರೆ ನಾನು ಆಮೇಲೆ ಬೇರೇನೂ ಹುಡುಕುವುದಿಲ್ಲ, ನೇರ ಕೇಳುತ್ತೇನೆ: ಅದರಲ್ಲಿ ಏನು ಹಾಕಿದ್ದೀಯ?

"ನೀರು ಕಾಯಿಸೋ ಕಾಯಿಲ್ ಮಾವ. ಪಕ್ಕದಲ್ಲಿ ಐರನ್ ಬಾಕ್ಸ್."

ಬೋರ್ಡ್ ತಿರುಗಿಸಿ ಹಿಂಬದಿಯ ಫೋಟೊ ಕಳಿಸು, ಕಾಯಿಲ್ ಮೇಲೆ, ಐರನ್ ಬಾಕ್ಸ್ ಮೇಲೆ ಬರೆದಿರೋದನ್ನೂ ಕಳಿಸು ಅಂದೆ. ಎಲ್ಲದಕ್ಕೂ ಮುಂಚೆ ಗೋಡೆ ಸ್ವಿಚ್ ಆರಿಸಿ ಪ್ಲಗ್ ಕೀಳು ಅಂತಲೂ ಹೇಳಿದೆ. ಬೋರ್ಡ್ 6 ಆಂಪಿಯರ್. ಕಾಯಿಲ್ 1,500 ವ್ಯಾಟ್. ಐರನ್ ಬಾಕ್ಸ್ 1,000 ವ್ಯಾಟ್. ಕಾಯಿಲ್ ಒಂದೇ ಆರೂವರೆ ಆಂಪಿಯರ್ ಆಯಿತು, ಅಲ್ಲಿಗೇ ಬೋರ್ಡ್ ಸೋತಿತು. ಎರಡೂ ಸೇರಿದರೆ 2,500 ವ್ಯಾಟ್, ಹತ್ತಿರ ಹತ್ತಿರ 11 ಆಂಪಿಯರ್.

ಆರರ ಜಾಗದಲ್ಲಿ ಹನ್ನೊಂದು ಅಂದರೆ ಹೆಚ್ಚುಕಮ್ಮಿ ಎರಡರಷ್ಟು, ಬಿಸಿಯೂ ಎರಡರಷ್ಟು ಅಂದುಕೊಳ್ಳಬೇಡಿ. ಕರೆಂಟ್ ಎರಡರಷ್ಟಾದರೆ ವೈರಿನ ಬಿಸಿ ನಾಲ್ಕರಷ್ಟಾಗುತ್ತದೆ. ಇವಳ ಬೋರ್ಡಿನಲ್ಲಿ ಅದು ಮೂರು ಪಟ್ಟು ದಾಟಿತ್ತು. ಅದೂ ವೈರಿನ ಉದ್ದಕ್ಕೂ ಒಂದೇ ಸಮ ಇರುವುದಿಲ್ಲ. ಸಾಕೆಟ್ಟಿನ ಒಳಗೆ ಪಿನ್ನನ್ನು ಹಿಡಿದುಕೊಳ್ಳುವ ಹಿತ್ತಾಳೆ ಪಟ್ಟಿ ಇರುತ್ತದೆ. ಅದು ಸ್ವಲ್ಪ ಸಡಿಲ ಆದರೂ ಕರೆಂಟಿಗೆ ಅಲ್ಲಿ ಅಡ್ಡಿ. 0.2 ಓಮ್ ಅಡ್ಡಿ ಇದ್ದರೆ ಸಾಕು, 11 ಆಂಪಿಯರ್ ಹರಿಯುವಾಗ ಆ ಒಂದೇ ಜಾಗದಲ್ಲಿ ಸುಮಾರು 24 ವ್ಯಾಟ್ ಬಿಸಿ ಹುಟ್ಟುತ್ತದೆ. ರೇಡಿಯೊ ರಿಪೇರಿ ಅಂಗಡಿಯಲ್ಲಿ ಸೀಸ ಕರಗಿಸುವ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅದನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ಉರಿಯಲು ಬಿಟ್ಟ ಹಾಗೆ. ಕನ್ವರ್ಷನ್ ಪ್ಲಗ್ ಹಾಕಿದರೆ ಇಂಥ ಸಂದು ಒಂದರ ಬದಲು ಎರಡು.

ಸಮಯವೂ ಲೆಕ್ಕಕ್ಕೆ ಬರುತ್ತದೆ. 1,500 ವ್ಯಾಟಿನ ಕೆಟಲ್ ಆದರೆ ಐದು ನಿಮಿಷದಲ್ಲಿ ನೀರು ಕುದಿಸಿ ತಾನೇ ಆರುತ್ತದೆ, ಬೋರ್ಡ್ ಪೂರ್ತಿ ಕಾಯುವುದರೊಳಗೆ ಕೆಲಸ ಮುಗಿದಿರುತ್ತದೆ. ಹಾಗಂತ ಅದು ಸರಿ ಅಂತಲ್ಲ, ತಪ್ಪಿಸಿಕೊಂಡಿತು ಅಷ್ಟೆ. ಕಾಯಿಲ್ ಹಾಗಲ್ಲ. ಒಂದು ಬಕೆಟ್ ನೀರಿಗೆ ಇಪ್ಪತ್ತು ನಿಮಿಷ ಬಿಡದೆ ಎಳೆಯುತ್ತದೆ. ಮೂವರು ಹುಡುಗಿಯರು, ಮೂರು ಬಕೆಟ್, ಒಂದು ಗಂಟೆ. ತುಮಕೂರಿನ ಡಿಸೆಂಬರ್ ಬೆಳಿಗ್ಗೆ ತಣ್ಣೀರು ಮುಟ್ಟುವ ಹಾಗಿಲ್ಲ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಅದೇ ಹೊತ್ತಿಗೆ ಕಾಲೇಜಿಗೆ ಹೊರಡಲು ಇಸ್ತ್ರಿ. ಐರನ್ ಬಾಕ್ಸ್ ಕಾದ ಮೇಲೆ ತಾನೇ ಆರುತ್ತದೆ, ತಣಿದ ಮೇಲೆ ತಾನೇ ಹತ್ತುತ್ತದೆ. ಹಾಗಾಗಿ 11 ಆಂಪಿಯರ್ ಬಿಟ್ಟು ಬಿಟ್ಟು ಹರಿಯುತ್ತದೆ. "ಇಷ್ಟು ದಿನ ಏನೂ ಆಗ್ಲಿಲ್ವಲ್ಲ" ಅನ್ನುವ ಧೈರ್ಯ ಬರುವುದು ಇದರಿಂದಲೇ.

ಅವಳು ಕೇಳಿದ ಮುಂದಿನ ಪ್ರಶ್ನೆ ಒಳ್ಳೆಯದು. "ಲೋಡ್ ಜಾಸ್ತಿ ಆದ್ರೆ ಎಂಸಿಬಿ ಬೀಳಬೇಕಲ್ವಾ ಮಾವ?" ಬೀಳುವುದಿಲ್ಲ. ಎಂಸಿಬಿ ಇರುವುದು ಗೋಡೆಯೊಳಗಿನ ವೈರನ್ನು ಕಾಯಲು. ಅವಳ ರೂಮಿನದು 16 ಆಂಪಿಯರ್, ಅದಕ್ಕೆ 11 ಒಂದು ಲೆಕ್ಕವೇ ಅಲ್ಲ. 10 ಆಂಪಿಯರಿನದಾಗಿದ್ದರೂ ಬೀಳುತ್ತಿತ್ತು ಅನ್ನುವ ಹಾಗಿಲ್ಲ. ತನ್ನ ಅಳತೆಗಿಂತ ನೂರಕ್ಕೆ 13 ಜಾಸ್ತಿ ಹರಿದರೂ ಒಂದು ಗಂಟೆವರೆಗೆ ಬೀಳಬಾರದು, ನೂರಕ್ಕೆ 45 ಜಾಸ್ತಿಯಾದರೆ ಒಂದು ಗಂಟೆಯೊಳಗೆ ಬೀಳಬೇಕು, ಹಾಗೇ ಎಂಸಿಬಿ ಮಾಡಿರುತ್ತಾರೆ. ಆ ಗಂಟೆಯಲ್ಲಿ ಸಣ್ಣ ಬೋರ್ಡ್ ಕಥೆ ಮುಗಿದಿರುತ್ತದೆ. ಒಳ್ಳೆಯ ಬೋರ್ಡಿನಲ್ಲಿ ಅದರದೇ ಫ್ಯೂಸ್ ಅಥವಾ ಒತ್ತುವ ಗುಂಡಿಯ ಕಟ್‌ಔಟ್ ಇರುತ್ತದೆ. ಫೋಟೊದಲ್ಲಿ ನಾನು ಅದನ್ನೂ ನೋಡುತ್ತೇನೆ. ಇವಳದರಲ್ಲಿ ಇರಲಿಲ್ಲ. ಸ್ಪೈಕ್ ಗಾರ್ಡ್ ಅಂತ ಬರೆದಿದ್ದರೆ ಜಾಸ್ತಿ ಲೋಡ್ ತಡೆಯುತ್ತದೆ ಅಂದುಕೊಳ್ಳುವವರಿದ್ದಾರೆ. ಅದು ಏಕಾಏಕಿ ನುಗ್ಗುವ ವೋಲ್ಟೇಜಿಗೆ ಮಾತ್ರ, ಆಂಪಿಯರಿಗೂ ಅದಕ್ಕೂ ಸಂಬಂಧವಿಲ್ಲ.

ಕೆಂಪು ಲೈಟಿನ ವಿಷಯ ಹೇಳಿಬಿಡುತ್ತೇನೆ. ಅದು ಉರಿದರೆ ಕರೆಂಟ್ ಬಂದಿದೆ ಅಂತ ಅರ್ಥ, ಎಷ್ಟು ಲೋಡ್ ಇದೆ ಅಂತ ಅದಕ್ಕೆ ಗೊತ್ತಿಲ್ಲ. ಹಳೆಯ ನಿಯಾನ್ ಬಲ್ಬ್ ಸುಮ್ನೆ ವಯಸ್ಸಾಗಿಯೂ ಮಿಣುಕುತ್ತದೆ. ಆದರೆ ಕಾಯಿಲ್ ಹಾಕಿದಾಗಲೇ ಮಿಣುಕು ಶುರುವಾದರೆ ಒಳಗೆ ಎಲ್ಲೋ ಸಡಿಲ ಇದೆ ಅಂತ ಅನುಮಾನ ಪಡಬೇಕು.

ಫೋಟೊದಲ್ಲಿ ಕಾಣುವುದು ಇಷ್ಟು: ಪಿನ್ನಿನ ದಪ್ಪ, ವೈರಿನ ದಪ್ಪ, ಸಾಕೆಟ್ ತೂತಿನ ಸುತ್ತ ಹಳದಿ ಅಥವಾ ಕಂದು ಕಲೆ, ಸೊಟ್ಟಗಾದ ಪ್ಲಾಸ್ಟಿಕ್, ಒಂದು ಬೋರ್ಡಿನಿಂದ ಇನ್ನೊಂದು ಬೋರ್ಡಿಗೆ ಎಳೆದಿರುವುದು. ವೈರನ್ನು ರಬ್ಬರ್ ಬ್ಯಾಂಡ್ ಹಾಕಿ ಸುತ್ತಿಟ್ಟಿದ್ದರೆ ಅದೂ ಕೆಟ್ಟದ್ದೇ. ಸುತ್ತಿದ ವೈರಿನ ಬಿಸಿ ಹೊರಗೆ ಹೋಗಲು ದಾರಿ ಇರುವುದಿಲ್ಲ. ಕಾಣದಿರುವುದು ಬಿಸಿ, ವಾಸನೆ, ಸಡಿಲ. ಅದನ್ನು ಅಲ್ಲಿರುವವರೇ ನೋಡಬೇಕು. ಹದಿನೈದು ನಿಮಿಷ ಓಡಿಸಿ, ಗೋಡೆಯಲ್ಲಿ ಆರಿಸಿ, ಪ್ಲಗ್ಗಿನ ಪ್ಲಾಸ್ಟಿಕ್ ಮೈಗೆ ಕೈಯ ಹಿಂಬದಿ ತಾಗಿಸಿ. ಬೆಚ್ಚಗಿದ್ದರೆ ಸರಿ. ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟಿದ್ದರೆ ಆ ಜೋಡಿ ಅಲ್ಲಿಗೆ ಮುಗಿಯಿತು.

ಯಾವುದರ ಜೊತೆ ಯಾವುದು ಬೇಡ ಅನ್ನುವುದಕ್ಕೆ ನನ್ನ ಕಟ್ಟುನಿಟ್ಟು ಹೀಗಿದೆ. ಬಿಸಿ ಮಾಡುವುದೇ ಕೆಲಸವಾಗಿರುವ ಎರಡು ಸಾಮಾನು ಒಂದು ಬೋರ್ಡಿನಲ್ಲಿ ಕೂರಬಾರದು. ಐರನ್ ಬಾಕ್ಸ್ ಮತ್ತು ಕೆಟಲ್, ಕಾಯಿಲ್ ಮತ್ತು ಹೀಟರ್, ಇಂಡಕ್ಷನ್ ಮತ್ತು ಮೈಕ್ರೋವೇವ್, ಯಾವ ಜೋಡಿಯೂ ಬೇಡ. ಗೀಸರ್, ಎಸಿ, 1,500 ವ್ಯಾಟಿನ ಕಾಯಿಲ್, ಇಂಡಕ್ಷನ್ ಒಲೆ ಒಂಟಿಯಾಗಿಯೂ ಸಣ್ಣ ಬೋರ್ಡಿಗೆ ಬರಬಾರದು. ಅವಕ್ಕೆ ಗೋಡೆಯ 16 ಆಂಪಿಯರ್ ಸಾಕೆಟ್ಟೇ ಬೇಕು.

ಫ್ರಿಜ್ ವಿಷಯ ಸ್ವಲ್ಪ ಬೇರೆ. ಓಡುವಾಗ 150, 200 ವ್ಯಾಟ್ ಅಷ್ಟೆ, ಪಾಪದ್ದು. ಆದರೆ ಒಳಗಿನ ಕಂಪ್ರೆಸರ್ ಹೊರಡುವ ಕ್ಷಣ ಅದರ ಹಲವು ಪಟ್ಟು ಎಳೆಯುತ್ತದೆ. ಆಗ ಪಕ್ಕದಲ್ಲಿ ಮಿಕ್ಸಿಯೋ ಐರನ್ ಬಾಕ್ಸೋ ಇದ್ದರೆ ಫ್ಯೂಸ್ ಹೋಗಬಹುದು. ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ಎರಡು ದಿನ ಊರಿಗೆ ಹೋಗಿ ಬಂದು ಬಾಗಿಲು ತೆಗೆದಾಗ ದೋಸೆ ಹಿಟ್ಟೇ ಹೇಳುತ್ತದೆ. ಫ್ರಿಜ್ಜಿಗೆ ಗೋಡೆಯಲ್ಲಿ ಅದರದೇ ಸಾಕೆಟ್ ಇರಲಿ.

ಸಂಜೆ ಹುಡುಗಿ ಮೂರನೇ ಫೋಟೊ ಕಳಿಸಿದಳು. ಕನ್ವರ್ಷನ್ ಪ್ಲಗ್ ಕಿತ್ತು ಮಗುಚಿದ್ದಳು. ಒಂದು ಪಿನ್ನಿನ ಬುಡದಲ್ಲಿ ಬಿಳಿ ಪ್ಲಾಸ್ಟಿಕ್ ಕಾಫಿ ಬಣ್ಣಕ್ಕೆ ತಿರುಗಿ, ಅಂಚು ಮೇಣದ ಹಾಗೆ ಇಳಿದಿತ್ತು. ಬೋರ್ಡಿನ ಆ ತೂತೂ ಹಾಗೇ ಕಂದು. ಎರಡನ್ನೂ ಬಿಸಾಕು, ಟೇಪ್ ಸುತ್ತಿ ಇಟ್ಕೋಬೇಡ ಅಂದೆ. ಅಡುಗೆ ಕಟ್ಟೆ ಹತ್ತಿರ 16 ಆಂಪಿಯರ್ ಸಾಕೆಟ್ ಇದೆಯಂತೆ. ಬಕೆಟ್ ಅಲ್ಲಿಗೇ ತಂದು ಕಾಯಿಲ್ ನೇರ ಅದಕ್ಕೆ ಹಾಕು, ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೇ ನೀರಿಗೆ ಕೈ ಹಾಕು ಅಂದೆ.

"ಇಸ್ತ್ರಿ ಯಾವಾಗ ಮಾಡೋದು ಹಾಗಾದ್ರೆ?"

"ರಾತ್ರಿನೇ ಮಾಡಿಟ್ಕೋ ಕಣಮ್ಮ."

"ರಾತ್ರಿ ನಿದ್ದೆ ಬರುತ್ತೆ ಮಾವ."