ವಿನ್-ಬ್ಯಾಕ್ ಇಮೇಲ್: ಡಬ್ಬಿ ಬಿಟ್ಟವರಿಗೆ ಬರೆಯುವ ಪತ್ರ

ಪುಣೆಯ ಕೋಥ್ರೂಡ್‌ನಲ್ಲಿ ನಮ್ಮ ಅತ್ತಿಗೆ ತಿಂಗಳ ಲೆಕ್ಕದಲ್ಲಿ ಊಟದ ಡಬ್ಬಿ ಕಳಿಸುತ್ತಾರೆ. ಜೋಳದ ರೊಟ್ಟಿ, ಎರಡು ಪಲ್ಯ, ಅನ್ನ, ಸಾರು. ಅಡುಗೆ ಅವರದು, ಮೇಲ್ ಕಳಿಸುವ ಕೆಲಸ ನನ್ನದು. ತಿಂಗಳುಗಟ್ಟಲೆ ಆರ್ಡರ್ ಮಾಡದ ಹಳೆಯ ಗಿರಾಕಿಯನ್ನು ಮರಳಿ ಕರೆಯಲು ಬರೆಯುವ ಮೇಲ್‌ಗೆ ವಿನ್-ಬ್ಯಾಕ್ ಎನ್ನುತ್ತಾರೆ. ಚಂದಾ ಮುಗಿಯುವ ಮುನ್ನ ಹೋಗುವ ನವೀಕರಣದ ನೆನಪೋಲೆ ಬೇರೆ, ಇದು ಬೇರೆ. ಇಲ್ಲಿ ಗಿರಾಕಿ ಆಗಲೇ ಎದ್ದು ಹೋಗಿದ್ದಾನೆ.

ಯಾರು ಬಿಟ್ಟವರು ಎಂಬುದೇ ಮೊದಲ ತೊಡಕು. ದಿನಾ ಡಬ್ಬಿ ತರಿಸುತ್ತಿದ್ದವನು ತಿಂಗಳು ಸುಮ್ಮನಿದ್ದರೆ ಬಿಟ್ಟ ಹಾಗೆಯೇ. ಅಮಾವಾಸ್ಯೆಗೊಮ್ಮೆ ಹೋಳಿಗೆ ತರಿಸುವವನಿಗೆ ಒಂದು ತಿಂಗಳು ಮಾಮೂಲಿ ಅಂತರ. ಹಾಗಾಗಿ ಎಲ್ಲರಿಗೂ ಒಂದೇ ಗಡುವು ಇಡದೆ, ಆಯಾ ಗಿರಾಕಿಯ ರೂಢಿಯ ಅಂತರಕ್ಕೆ ಹೋಲಿಸಿ ನೋಡಬೇಕು.

ಎಲ್ಲರೂ ಮೊದಲು ಹಾಕುವುದು ರಿಯಾಯಿತಿ. ನಾನೂ ಅದನ್ನೇ ಮಾಡಿದ್ದೆ. ಹಿಂಜವಡಿಯ ಒಬ್ಬ ಹುಡುಗನಿಗೆ ಎರಡು ಸಲ ಶೇ. 20 ಕಡಿತದ ಮೇಲ್ ಹೋಯಿತು, ಸದ್ದಿಲ್ಲ. ಮೂರನೆಯದರಲ್ಲಿ ಕಡಿತದ ಮಾತೇ ಎತ್ತಲಿಲ್ಲ. ವಿಷಯದ ಸಾಲು: ‘ಜೂನ್ 14ಕ್ಕೆ ನಿಮ್ಮ ಡಬ್ಬಿ ನಿಂತಿತು, ಏನಾಯಿತು?’ ಒಳಗೆ ಎರಡೇ ವಾಕ್ಯ, ಒಂದೇ ಕೊಂಡಿ. ಅರ್ಧ ಗಂಟೆಯಲ್ಲಿ ಉತ್ತರ ಬಂತು: ‘ಊಟ ಚಲೋ ಇತ್ತ್ರೀ ಅಕ್ಕಾ, ಆದ್ರ ಡಬ್ಬಿ ಬರೋದು ಒಂದೂ ನಲವತ್ತಕ್ಕ, ನಮ್ಮ ಊಟದ ಬಿಡುವು ಒಂದಕ್ಕ.’ ಅತ್ತಿಗೆ ನಕ್ಕು, ‘ಬಿಸಿ ರೊಟ್ಟಿಗೆ ಕಡಿಮೆ ರೇಟ್ ಹಚ್ಚಿದ್ರ ಗಡಿಯಾರ ಹಿಂದ ಹೋಗ್ತದೇನು?’ ಎಂದರು. ಆ ದಾರಿಯ ಡಬ್ಬಿಗಳನ್ನು ಮೊದಲ ಸರದಿಗೆ ಹಾಕಿದೆವು, ಹುಡುಗ ಮರಳಿದ. ಕೆಲಸ ಬದಲಾಗಿ ಹುಬ್ಬಳ್ಳಿಗೆ ಹೋದವನನ್ನು ಮಾತ್ರ ಯಾವ ಮೇಲೂ ಕರೆತರದು. ರಿಯಾಯಿತಿಗೆ ಇನ್ನೊಂದು ಕೇಡೂ ಉಂಟು: ಬಿಟ್ಟರೆ ಕಡಿತ ಸಿಗುತ್ತದೆಂದು ಗೊತ್ತಾದವನು ಮತ್ತೆ ಬಿಡುತ್ತಾನೆ.

ಮೇಲ್ ಫಲ ಕೊಟ್ಟಿತೇ ಎಂದು ತಿಳಿಯಲು ಎಷ್ಟು ಜನ ತೆರೆದರೆಂಬ ಲೆಕ್ಕ ನಂಬುವಂತಿಲ್ಲ. ಆಪಲ್ 2021ರಲ್ಲಿ ತಂದ ಗೌಪ್ಯತೆಯ ವ್ಯವಸ್ಥೆಯಿಂದಾಗಿ ಓದದ ಮೇಲ್ ಕೂಡ ತೆರೆದಂತೆ ಕಾಣಬಹುದು. ಅದರ ಬದಲು ಕೆಲವರಿಗೆ ಬೇಕೆಂದೇ ಕಳಿಸದೆ ಇಡಬೇಕು. ಬಿಟ್ಟವರು 400 ಜನ ಎಂದಿಟ್ಟುಕೊಳ್ಳಿ. ಚೀಟಿ ಎತ್ತಿದಂತೆ 300 ಜನರಿಗೆ ಕಳಿಸಿದಿರಿ, 30 ಜನ ಮರಳಿದರು. ಕಳಿಸದ 100ರಲ್ಲಿಯೂ 6 ಜನ ತಾವಾಗಿಯೇ ಬಂದರು. ಅಂದರೆ ಆ 30ರಲ್ಲಿ ಸುಮಾರು 18 ಜನ ಹೇಗೂ ಬರುವವರೇ, ಮೇಲ್‌ನ ಗಳಿಕೆ 12. ನಮ್ಮಂಥ ಸಣ್ಣ ಪಟ್ಟಿಯಲ್ಲಿ ಇಬ್ಬರು ಮೂವರು ಹೆಚ್ಚುಕಡಿಮೆಯಾದರೂ ಈ ಲೆಕ್ಕ ತಿರುವುಮುರುವಾಗುತ್ತದೆ.

ಎರಡು ಮೂರು ಮೇಲ್‌ಗೂ ಉತ್ತರವಿಲ್ಲದಿದ್ದರೆ ಆ ಹೆಸರನ್ನು ಪಟ್ಟಿಯಿಂದ ತೆಗೆಯುತ್ತೇವೆ. ಬೇಸತ್ತವರು ಸ್ಪ್ಯಾಮ್ ಗುಂಡಿ ಒತ್ತುತ್ತಾ ಹೋದರೆ, ದಿನಾ ಉಣ್ಣುವ ಗಿರಾಕಿಗೆ ಕಳಿಸಿದ ಬಿಲ್ಲೂ ಸ್ಪ್ಯಾಮ್ ಪೆಟ್ಟಿಗೆಗೆ ಬೀಳತೊಡಗುತ್ತದೆ.