ಶೆಡ್ಯೂಲ್ ಒಂದು ಹೇಳಿ, ಷರತ್ತಿನ ಪುಸ್ತಕ ಇನ್ನೊಂದು ಹೇಳಿದರೆ ಯಾವುದು ನಿಲ್ಲುತ್ತದೆ?

ಓದುಗರ ಪ್ರಶ್ನೆ: ನಾನು ಸೋಮವಾರಪೇಟೆ ತಾಲ್ಲೂಕಿನ ಕಾಫಿ ಬೆಳೆಗಾರ. ನನ್ನ ಬೆಂಕಿ ವಿಮೆಯ ಶೆಡ್ಯೂಲ್‌ನಲ್ಲಿ ‘ಗೋದಾಮು ಮತ್ತು ಒಣಗಿಸುವ ಕಣದಲ್ಲಿರುವ ಕಾಫಿ, ₹18 ಲಕ್ಷ, ಎಕ್ಸೆಸ್ ಪ್ರತಿ ಕ್ಲೇಮಿಗೆ ₹10,000’ ಎಂದಿದೆ. ಜೊತೆಗೆ ಬಂದ ಷರತ್ತಿನ ಪುಸ್ತಕದಲ್ಲಿ ‘ಬಯಲಲ್ಲಿಟ್ಟ ಸರಕಿಗೆ ಬಿರುಗಾಳಿ, ನೆರೆಯಿಂದ ಆಗುವ ನಷ್ಟ ಸೇರಿಲ್ಲ’ ಎಂದೂ, ಎಕ್ಸೆಸ್ ‘ಕ್ಲೇಮಿನ 5%, ಕನಿಷ್ಠ ₹10,000’ ಎಂದೂ ಇದೆ. ಯಾವುದನ್ನು ನಂಬಲಿ?

ಉತ್ತರ: ಎರಡೂ ಸೇರಿ ಒಂದೇ ಒಪ್ಪಂದ. ಯಾರ ಯಾವ ಸೊತ್ತು, ಎಲ್ಲಿದೆ, ಎಷ್ಟು ಹಣಕ್ಕೆ, ಎಂದಿನಿಂದ ಎಂದಿನವರೆಗೆ ಎಂಬುದನ್ನು ಶೆಡ್ಯೂಲ್ ಹೇಳುತ್ತದೆ. ಯಾವ ಅಪಾಯಕ್ಕೆ ದುಡ್ಡು ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಎಂಬುದು ಷರತ್ತಿನ ಪುಸ್ತಕದ ಕೆಲಸ. ಹಾಗಾಗಿ ಮೇಲ್ನೋಟಕ್ಕೆ ಜಗಳವಾಡುವಂತೆ ಕಾಣುವ ಎಷ್ಟೋ ಸಾಲುಗಳು ನಿಜಕ್ಕೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿರುತ್ತವೆ.

ಮೊದಲು ಕೈಯಲ್ಲಿರುವ ಪುಸ್ತಕ ನಿಮ್ಮ ಪಾಲಿಸಿಯದ್ದೇ ಎಂದು ಖಚಿತ ಮಾಡಿಕೊಳ್ಳಿ. ಶೆಡ್ಯೂಲ್‌ನಲ್ಲಿ ಯುಐಎನ್ ಎಂಬ ಗುರುತಿನ ಸಂಖ್ಯೆ ಇರುತ್ತದೆ. ಪುಸ್ತಕದ ಮೇಲಿನದ್ದೂ ಅದೇ ಇರಬೇಕು. ಹಳೆಯ ಆವೃತ್ತಿಯನ್ನು ಡೌನ್‌ಲೋಡ್ ಮಾಡಿಕೊಂಡು ತಲೆ ಕೆಡಿಸಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಈಗ ಕಣದ ವಿಷಯ. ‘ಕಣದಲ್ಲಿರುವ ಕಾಫಿ’ ಎಂದು ಟೈಪ್ ಮಾಡಿ ಸೇರಿಸಿದ್ದು ನಿಮಗಾಗಿಯೇ ಬರೆದ ಸಾಲು. ಬಯಲಿನ ಸರಕಿನ ಷರತ್ತು ಎಲ್ಲರಿಗೂ ಅಚ್ಚಾದದ್ದು. ನಿಜವಾದ ವಿರೋಧ ಇದ್ದಾಗ ವಿಶೇಷವಾಗಿ ಬರೆದದ್ದು ಸಾಮಾನ್ಯವಾಗಿ ಅಚ್ಚು ಹಾಕಿದ್ದನ್ನು ಮೀರುತ್ತದೆ, ಪಾಲಿಸಿಯನ್ನು ತಿದ್ದಲು ಕಂಪನಿ ಆಮೇಲೆ ಹೊರಡಿಸಿದ ಹಾಳೆ, ಅಂದರೆ ಎಂಡಾರ್ಸ್‌ಮೆಂಟ್ ಶೆಡ್ಯೂಲನ್ನೂ ಮೀರುತ್ತದೆ. ಆದರೆ ಕಂಪನಿ ಇಲ್ಲಿ ಹೀಗೆ ವಾದಿಸಬಹುದು: ‘ಕಣದ ಕಾಫಿಗೆ ಬೆಂಕಿಯ ರಕ್ಷಣೆ ಇದೆ, ಬಿರುಗಾಳಿಯದ್ದು ಮಾತ್ರ ಇಲ್ಲ. ಎರಡು ಸಾಲೂ ನಿಲ್ಲುತ್ತವೆ, ವಿರೋಧ ಎಲ್ಲಿದೆ?’ ಈ ವಾದ ತಳ್ಳಿಹಾಕುವಂಥದ್ದಲ್ಲ. ಎರಡನ್ನೂ ಉಳಿಸುವ ಓದು ಸಿಕ್ಕಿದರೆ ನ್ಯಾಯಾಲಯಗಳು ಅದನ್ನೇ ಆರಿಸಿಕೊಳ್ಳುತ್ತವೆ.

2022ರ ಟೆಕ್ಸ್ಕೋ ಮಾರ್ಕೆಟಿಂಗ್ ಪ್ರಕರಣದ ಜೊತೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ವಿಮೆ ಮಾಡಿದ್ದೇ ನೆಲಮಾಳಿಗೆಯ ಅಂಗಡಿಗೆ. ಅಚ್ಚಾದ ಷರತ್ತು ನೆಲಮಾಳಿಗೆಯನ್ನೇ ಹೊರಗಿಟ್ಟಿತ್ತು. ಬೆಂಕಿ ಬಿದ್ದ ಮೇಲೆ ಕಂಪನಿ ಆ ಷರತ್ತು ತೋರಿಸಿತು, ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆ ಷರತ್ತನ್ನು ಒಪ್ಪಿದ್ದರೆ ವಿಮೆಯಲ್ಲಿ ಏನೂ ಉಳಿಯುತ್ತಿರಲಿಲ್ಲ. ನಿಮ್ಮಲ್ಲಿ ಬೆಂಕಿಯ ರಕ್ಷಣೆ ಉಳಿಯುತ್ತದೆ, ಆದ್ದರಿಂದ ನಿಮ್ಮ ವಾದ ಅಷ್ಟು ಗಟ್ಟಿಯಲ್ಲ.

ಅದನ್ನು ಗಟ್ಟಿ ಮಾಡುವ ಒಂದು ಮಾತು ಇರಬಹುದು. ಬಯಲಿನ ಸರಕಿನ ಷರತ್ತನ್ನು ಪೂರ್ತಿ ಓದಿ. ‘ಶೆಡ್ಯೂಲ್‌ನಲ್ಲಿ ವಿಶೇಷವಾಗಿ ನಮೂದಿಸದ ಹೊರತು’ ಎಂದು ಅದರಲ್ಲಿದ್ದರೆ, ಪುಸ್ತಕವೇ ನಿರ್ಧಾರವನ್ನು ಶೆಡ್ಯೂಲಿಗೆ ಬಿಟ್ಟುಕೊಟ್ಟಿದೆ. ಕಣದ ಹೆಸರು ಅಲ್ಲಿ ಇರುವುದರಿಂದ ನೀವು ಪರಿಹಾರ ಕೇಳಬಹುದು.

ಆಗಲೂ ಒಂದು ಮಿತಿ ಇದೆ. ಡಿಸೆಂಬರಿನಲ್ಲಿ ಕಣದ ತುಂಬ ಚೆರಿ ಹರಡಿರುವಾಗ ಬಿರುಗಾಳಿ ಟಾರ್ಪಾಲು ಹಾರಿಸಿ ಕಾಫಿ ನೆನೆದರೆ ಅದು ಪುಸ್ತಕದಲ್ಲಿ ಹೆಸರಿಸಿದ ಅಪಾಯದಿಂದಾದ ನಷ್ಟ. ಗಾಳಿಯೂ ಇಲ್ಲದೆ, ನೀರೂ ನುಗ್ಗದೆ, ಅಕಾಲದ ಮಳೆ ಸುಮ್ಮನೆ ಹೊಯ್ದು ಬೂಸ್ಟು ಹಿಡಿದರೆ ಅಲ್ಲ. ಶೆಡ್ಯೂಲ್ ಕಣವನ್ನು ಸೇರಿಸಬಲ್ಲದೇ ಹೊರತು, ಪುಸ್ತಕದ ಅಪಾಯಗಳ ಪಟ್ಟಿಯಲ್ಲಿಲ್ಲದ ಮಳೆಯನ್ನು ತಾನಾಗಿ ಸೇರಿಸುವುದಿಲ್ಲ. ನಷ್ಟ ಅಂದಾಜು ಮಾಡುವ ಸರ್ವೇಯರ್ ಬಂದಾಗ ಕೇಳುವುದೂ ಇದನ್ನೇ, ಹಾಗಾಗಿ ಹರಿದ ಟಾರ್ಪಾಲನ್ನು ಎಸೆಯದೆ ಫೋಟೊ ತೆಗೆದಿಡಿ.

ಎಕ್ಸೆಸ್ ಅಂದರೆ ಪ್ರತಿ ನಷ್ಟದಲ್ಲಿ ನೀವೇ ಹೊರುವ ಪಾಲು. ನಷ್ಟ ₹3 ಲಕ್ಷ ಎಂದಿಟ್ಟುಕೊಳ್ಳಿ. ಪುಸ್ತಕದ ಪ್ರಕಾರ 5% ಎಂದರೆ ₹15,000 ಕಳೆದು ₹2,85,000. ಶೆಡ್ಯೂಲ್ ಪ್ರಕಾರ ₹10,000 ಕಳೆದು ₹2,90,000. ಶೆಡ್ಯೂಲ್‌ನಲ್ಲಿ ‘ಕನಿಷ್ಠ’ ಎಂಬ ಪದವೋ ‘ಪಾಲಿಸಿ ಷರತ್ತಿನಂತೆ’ ಎಂಬ ಮಾತೋ ಇದ್ದಿದ್ದರೆ ಎರಡೂ ಹೊಂದಿಕೊಂಡು ₹15,000 ಆಗುತ್ತಿತ್ತು. ನೀವು ಬರೆದಂತೆ ಬರೀ ₹10,000 ಇರುವುದರಿಂದ ಶೆಡ್ಯೂಲೇ ನಿಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ಮಾತು ಅಸ್ಪಷ್ಟವಾಗಿದ್ದರೆ ಅದನ್ನು ಬರೆದ ಕಂಪನಿಯ ವಿರುದ್ಧವೇ ಓದಬೇಕು ಎಂಬ ನಿಯಮವೂ ನಿಮ್ಮ ಕಡೆಗಿದೆ. ಮಾತು ಸ್ಪಷ್ಟವಾಗಿದ್ದಲ್ಲಿ ಆ ನಿಯಮ ಕೆಲಸಕ್ಕೆ ಬರುವುದಿಲ್ಲ.

ಪಾಲಿಸಿ ಜೊತೆ ಬರುವ ಗ್ರಾಹಕ ಮಾಹಿತಿ ಹಾಳೆಯನ್ನು ಇದಕ್ಕೆ ಆಧಾರ ಮಾಡಿಕೊಳ್ಳಬೇಡಿ. ಅದು ಸಾರಾಂಶ, ವ್ಯತ್ಯಾಸ ಬಂದರೆ ಪಾಲಿಸಿಯೇ ಅಂತಿಮ ಎಂದು ಅದರಲ್ಲೇ ಬರೆದಿರುತ್ತದೆ.

ಕೊಯ್ಲಿಗೆ ಮುಂಚೆ ಕಂಪನಿಗೆ ಇಮೇಲ್ ಹಾಕಿ: ‘ಕಣದಲ್ಲಿರುವ ಕಾಫಿಗೆ ಬಿರುಗಾಳಿ, ನೆರೆಯ ರಕ್ಷಣೆ ಇದೆಯೇ? ಎಕ್ಸೆಸ್ ₹10,000 ಮಾತ್ರವೇ? ಎಂಡಾರ್ಸ್‌ಮೆಂಟ್ ಮೂಲಕ ತಿಳಿಸಿ.’ ಹೆಚ್ಚುವರಿ ಪ್ರೀಮಿಯಂ ಕೇಳಿದರೆ ಕಟ್ಟಿ, ರಸೀದಿಯನ್ನಷ್ಟೇ ನಂಬಿ ಕೂರದೆ ಎಂಡಾರ್ಸ್‌ಮೆಂಟ್ ಹಾಳೆ ಕೈಗೆ ಬಂದ ಮೇಲೆ ಅದರಲ್ಲಿ ‘ಕಣ’ ಎಂಬ ಪದವೂ ಜಾರಿಗೆ ಬರುವ ದಿನಾಂಕವೂ ಇವೆಯೇ ಎಂದು ನೋಡಿಕೊಳ್ಳಿ. ನಷ್ಟವಾದ ಮೇಲಿನ ದಿನಾಂಕವಿದ್ದರೆ ಆ ನಷ್ಟಕ್ಕೆ ಅದು ಅನ್ವಯಿಸುವುದಿಲ್ಲ.