ಕೆಂಪು ಕಣ್ಣಿಗೆ ಫ್ರಿಜ್ಜಿನಲ್ಲಿ ಉಳಿದ ಡ್ರಾಪ್ಸ್

ಶಾಲೆಗೆ ಹೋಗುವ ಮಗುವಿನ ಕಣ್ಣು ಕೆಂಪಾಗಿ ನೀರು ಸುರಿಯತೊಡಗಿದರೆ, ಅನೇಕ ಮನೆಗಳಲ್ಲಿ ಮೊದಲು ಹುಡುಕುವುದು ಫ್ರಿಜ್ಜಿನ ಬಾಗಿಲಲ್ಲಿ ಉಳಿದಿರುವ ಹಳೆಯ ಡ್ರಾಪ್ಸ್ ಬಾಟಲಿಯನ್ನು. ಎಷ್ಟು ಹೇಳಿದರೂ ಈ ಅಭ್ಯಾಸ ತಪ್ಪುತ್ತಿಲ್ಲ.

ಕಳೆದ ಬೇಸಿಗೆಯಲ್ಲಿ 9 ವರ್ಷದ ಹುಡುಗನೊಬ್ಬನನ್ನು ತಾಯಿ ಕರೆತಂದಿದ್ದರು. ಅವನ ಎರಡೂ ಕಣ್ಣುಗಳು ಕೆಂಪಾಗಿದ್ದವು. ನನ್ನೆದುರು ಕುಳಿತಿದ್ದಾಗಲೂ ಬೆರಳಿನ ಗೆಣ್ಣುಗಳಿಂದ ಉಜ್ಜಿಕೊಳ್ಳುತ್ತಲೇ ಇದ್ದ. ಬೆಳಿಗ್ಗೆ ಸೀನು ಬರುತ್ತಿತ್ತು, ಮನೆಯಲ್ಲಿ ಬೇರೆ ಯಾರಿಗೂ ತೊಂದರೆಯಿರಲಿಲ್ಲ, ಹಿಂದಿನ ಬೇಸಿಗೆಯಲ್ಲೂ ಹೀಗೆಯೇ ಆಗಿತ್ತು. ರೆಪ್ಪೆಯನ್ನು ಮಗುಚಿ ನೋಡಿದಾಗ ಒಳಗೆ ಸಣ್ಣ ಗುಳ್ಳೆಗಳೂ ದಾರದಂತೆ ಎಳೆಯಾಗಿ ಬರುವ ಬಿಳಿ ಲೋಳೆಯೂ ಕಂಡವು. ಇದು ಅಲರ್ಜಿ.

ಅಲರ್ಜಿಯ ಮುಖ್ಯ ಗುರುತು ತುರಿಕೆ. ಉಜ್ಜದೆ ಇರಲಾಗದಷ್ಟು ತುರಿಕೆ. ಸೋಂಕಿನಲ್ಲಿ ತುರಿಕೆಗಿಂತ ಮರಳು ಬಿದ್ದಂಥ ಚುಚ್ಚುವಿಕೆ ಹೆಚ್ಚು. ವೈರಸ್ಸಿನ ಕೆಂಗಣ್ಣು ಸಾಮಾನ್ಯವಾಗಿ ಒಂದು ಕಣ್ಣಿನಲ್ಲಿ ಆರಂಭವಾಗಿ ಒಂದೆರಡು ದಿನದಲ್ಲಿ ಇನ್ನೊಂದಕ್ಕೆ ಹರಡುತ್ತದೆ. ನೀರು ಹೆಚ್ಚು ಸುರಿಯುತ್ತದೆ, ಜೊತೆಗೆ ನೆಗಡಿ, ಗಂಟಲುನೋವು ಇರಬಹುದು. ದಿನವಿಡೀ ಹಳದಿ ಅಥವಾ ಹಸಿರು ಗೀಜು ಕಟ್ಟುತ್ತಾ, ಬೆಳಿಗ್ಗೆ ರೆಪ್ಪೆಗಳು ಅಂಟಿಕೊಂಡಿದ್ದರೆ ಬ್ಯಾಕ್ಟೀರಿಯಾದ ಸಾಧ್ಯತೆ ಹೆಚ್ಚು. ಈ ಗುರುತುಗಳು ಒಂದರೊಳಗೊಂದು ಬೆರೆಯುವುದೂ ಉಂಟು. ಆದ್ದರಿಂದ ಇವು ಅಂದಾಜಿಗೆ ಮಾತ್ರ.

ಆ ಹುಡುಗನಿಗೆ ಹಾಕುತ್ತಿದ್ದುದು ಹಿಂದೊಮ್ಮೆ ಅಕ್ಕನ ಕೆಂಗಣ್ಣಿಗೆ ಬರೆದುಕೊಟ್ಟಿದ್ದ, ಆಂಟಿಬಯಾಟಿಕ್ ಜೊತೆಗೆ ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್ ಸೇರಿದ್ದ ಡ್ರಾಪ್ಸ್. ಹಾಕಿದ ಎರಡೇ ದಿನದಲ್ಲಿ ಕಣ್ಣು ಬೆಳ್ಳಗಾಗುತ್ತಿತ್ತು, ಬಿಟ್ಟರೆ ಮತ್ತೆ ಕೆಂಪಾಗುತ್ತಿತ್ತು. ಮೆಡಿಕಲ್ ಶಾಪಿನಿಂದ ಮತ್ತೊಂದು ಬಾಟಲಿ ಬರುತ್ತಿತ್ತು. ‘ಅದು ಚೆನ್ನಾಗಿ ಕೇಳುತ್ತೆ ಡಾಕ್ಟ್ರೇ’ ಎಂದರು ತಾಯಿ. ಅದು ಕೇಳುವುದೇ ಅಪಾಯ. ಸ್ಟೆರಾಯ್ಡ್ ಕೆಂಪನ್ನು ಅಡಗಿಸುತ್ತದೆ, ಆದರೆ ಕಣ್ಣಿನೊಳಗಿನ ಒತ್ತಡವನ್ನು ಏರಿಸಬಲ್ಲದು. ಸಾಮಾನ್ಯವಾಗಿ 21 ಮಿ.ಮೀ. ಪಾದರಸದೊಳಗಿರಬೇಕಾದ ಆ ಒತ್ತಡ ಅವನಲ್ಲಿ 30 ದಾಟಿತ್ತು. ಈ ಒತ್ತಡ ನೋಯಿಸದೆ ಏರುತ್ತದೆ. ಗಮನಿಸದೆ ಬಿಟ್ಟರೆ ಕಣ್ಣಿನ ನರ ಹಾಳಾಗುತ್ತದೆ, ಹಾಳಾದ ನರ ಮರಳಿ ಬರುವುದಿಲ್ಲ. ನಾವೂ ಕೆಲವೊಮ್ಮೆ ಸ್ಟೆರಾಯ್ಡ್ ಬರೆಯುತ್ತೇವೆ, ಆದರೆ ಒತ್ತಡ ಅಳೆಯುತ್ತಾ, ಇಂತಿಷ್ಟೇ ದಿನ ಎಂದು. ಅವನ ಡ್ರಾಪ್ಸ್ ನಿಲ್ಲಿಸಿ ಅಲರ್ಜಿಗೆ ಬೇರೆ ಔಷಧಿ ಕೊಟ್ಟ ಮೇಲೆ ಒತ್ತಡ ಕೆಲವು ವಾರಗಳಲ್ಲಿ ಇಳಿಯಿತು.

ಅಲರ್ಜಿಯಿದ್ದರೆ ಶುದ್ಧ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಮುಚ್ಚಿದ ಕಣ್ಣಿನ ಮೇಲಿಡಿ, ಆಟದಿಂದ ಬಂದೊಡನೆ ಮುಖ ತೊಳೆಸಿ, ಉಜ್ಜಲು ಬಿಡಬೇಡಿ. ವರ್ಷಗಟ್ಟಲೆ ಉಜ್ಜಿದರೆ ಕರಿಗುಡ್ಡೆಯ ಮುಂದಿನ ಪಾರದರ್ಶಕ ಪದರ ತೆಳುವಾಗಿ ಉಬ್ಬಬಹುದು. ಅಲರ್ಜಿ ಅಂಟುವುದಿಲ್ಲವಾದ್ದರಿಂದ ಶಾಲೆ ಬಿಡಿಸಬೇಕಿಲ್ಲ.

ಸೋಂಕಾದರೆ ಟವೆಲ್, ದಿಂಬಿನ ಕವರ್, ಕರವಸ್ತ್ರ ಬೇರೆಯಾಗಿರಲಿ. ಗೀಜನ್ನು ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಪ್ರತಿ ಬಾರಿಯೂ ಹೊಸ ಹತ್ತಿ ಬಳಸಿ, ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ನೋಡಿದರೆ ಕೆಂಗಣ್ಣು ಅಂಟುವುದಿಲ್ಲ, ಕೈಯಿಂದ ಅಂಟುತ್ತದೆ. ಕಪ್ಪು ಕನ್ನಡಕ ಹಾಕಿದರೆ ಮನೆಯವರಿಗೆ ರಕ್ಷಣೆಯೇನೂ ಸಿಗದು. ಒಬ್ಬರ ಡ್ರಾಪ್ಸ್ ಇನ್ನೊಬ್ಬರಿಗೆ ಬೇಡ, ಬಾಟಲಿ ತೆರೆದು ತಿಂಗಳಾದರೆ ಎಸೆಯಿರಿ.

ನೋವಿದ್ದರೆ, ಬೆಳಕು ನೋಡಲಾಗದಿದ್ದರೆ, ದೃಷ್ಟಿ ಮಂಜಾದರೆ ಅಥವಾ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಹೋಗುವಾಗ ಹಾಕುತ್ತಿದ್ದ ಬಾಟಲಿಯನ್ನೂ ತೆಗೆದುಕೊಂಡು ಹೋಗಿ.